ಒಂದೇ ಆರ್ಥಿಕ ವರ್ಷದಲ್ಲಿ ಎರಡು ಯುಗಾದಿ

"ಚಾರ್ಟ್ ತುಂಬಾ ಗಜಿಬಿಜಿ ಆಗಿದೆ, ಸ್ವಲ್ಪ ನೀಟಾಗಿ ಮಾಡಿ ಕಳಿಸಿ." ಕಚೇರಿಗಳಲ್ಲಿ ಮೇಲಿನವರಿಂದ ಕೆಳಗಿನವರಿಗೆ ಹೋಗುವ ಇಂಥ ಒಂದು ಸಾಲಿನ ಮೇಲ್‌ಗೆ ಬರವಿಲ್ಲ. ಅದನ್ನು ಓದಿದ ಅನಲಿಸ್ಟ್ ಬಣ್ಣ ಬದಲಿಸುತ್ತಾರೆ, ಅಕ್ಷರ ಸಣ್ಣದು ಮಾಡುತ್ತಾರೆ, ಶೀರ್ಷಿಕೆಗೆ ಅಡಿಗೆರೆ ಎಳೆಯುತ್ತಾರೆ. ಸಂಜೆಯ ಹೊತ್ತಿಗೆ ಅದೇ ಗಜಿಬಿಜಿ ಹೊಸ ಬಣ್ಣದಲ್ಲಿ ವಾಪಸ್ ಬರುತ್ತದೆ. ತಪ್ಪು ಅನಲಿಸ್ಟ್‌ದಲ್ಲ. ಚಾರ್ಟ್ ಓದಿದವರು ಎಲ್ಲಿ ಎಡವುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿಯೇ ಇಲ್ಲ.

ಹೇಳುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ದಾವಣಗೆರೆ, ಕಲಬುರಗಿಗಳಲ್ಲಿ ಬಟ್ಟೆ ಮಳಿಗೆಗಳಿರುವ ಒಂದು ಕಂಪನಿ. 2025ರ ಜುಲೈನಲ್ಲಿ ಮಾಲೀಕರ ಸಭೆ. ದಸರೆಗೆ ಯಾವ ಊರಿಗೆ ಎಷ್ಟು ಮಾಲು ತರಿಸಬೇಕೆಂದು ಅಲ್ಲಿ ತೀರ್ಮಾನವಾಗಬೇಕು. ಅದಕ್ಕಾಗಿ ಅನಲಿಸ್ಟ್ ಒಂದು ಚಾರ್ಟ್ ತಯಾರಿಸಿದ್ದಾರೆ. ಆರು ಊರು, ಎಂಟು ತ್ರೈಮಾಸಿಕ, ಒಟ್ಟು 48 ಕಂಬ, ಎಲ್ಲವೂ ತ್ರೀಡಿ. ಪ್ರತಿ ಕಂಬದ ತಲೆಯ ಮೇಲೆ ಪೈಸೆಯವರೆಗಿನ ಅಂಕಿ. ಅವುಗಳ ನಡುವೆ ಲಾಭಾಂಶದ ಕೆಂಪು ಗೆರೆ, ಅದಕ್ಕೆ ಬಲಗಡೆ ಬೇರೆಯೇ ಅಳತೆ. ಮಾರಾಟದ ಮ್ಯಾನೇಜರ್ ಇದನ್ನು ನೋಡಿ ಒಂದು ಪುಟದ ಪತ್ರ ಬರೆಯುತ್ತಾರೆ. ಈ ಮಾರಾಟದ ಅಂಕಿಗಳು ವಿವರಣೆಗೆಂದು ಇಟ್ಟುಕೊಂಡವು. ಹಬ್ಬದ ತಾರೀಖುಗಳು ಮಾತ್ರ ಪಂಚಾಂಗದವೇ.

ಪತ್ರದ ಮೊದಲ ಸಾಲು: "ನಿಮ್ಮ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ, ನಾನೇ ತಾಳೆ ನೋಡಿದ್ದೇನೆ. ಆದರೆ ಈ ಚಾರ್ಟ್ ನೋಡಿದವರು ಮೈಸೂರಿನ ದಸರಾ ಆರ್ಡರ್ ಕಡಿಮೆ ಮಾಡುತ್ತಾರೆ. ಅದು ತಪ್ಪು ನಿರ್ಧಾರವಾಗುತ್ತದೆ." ಚಾರ್ಟ್ ಚೆನ್ನಾಗಿಲ್ಲ ಎಂದು ಅವರು ಎಲ್ಲೂ ಬರೆದಿಲ್ಲ. ಅದನ್ನು ನಂಬಿದರೆ ಆಗುವ ನಷ್ಟ ಯಾವುದೆಂದು ನೇರವಾಗಿ ಹೇಳಿದ್ದಾರೆ. ಮುಂದಿನ ಕಾರಣಗಳೆಲ್ಲ ಈ ಮೈಸೂರಿನ ಸುತ್ತಲೇ ಇವೆ.

ಮೊದಲ ಕಾರಣ ಕಂಬದ ಬುಡದ್ದು. ಮೈಸೂರಿನಲ್ಲಿ 2024ರ ಏಪ್ರಿಲ್-ಜೂನ್ ಮಾರಾಟ 5.6 ಕೋಟಿ, 2025ರ ಅದೇ ಅವಧಿಯಲ್ಲಿ 5.2 ಕೋಟಿ. ಕುಸಿತ ನಲವತ್ತು ಲಕ್ಷ, ಅಂದರೆ ಶೇಕಡಾ 7ರಷ್ಟು. ಆದರೆ ಚಾರ್ಟಿನ ಎಡಗಡೆಯ ಅಳತೆ ಸೊನ್ನೆಯಿಂದಲ್ಲ, 4 ಕೋಟಿಯಿಂದ ಶುರುವಾಗುತ್ತದೆ. ಹಾಗಾಗಿ ಒಂದು ಕಂಬ 1.6ರ ಎತ್ತರಕ್ಕೆ, ಇನ್ನೊಂದು 1.2ರ ಎತ್ತರಕ್ಕೆ ನಿಂತಿದೆ. ಕಣ್ಣಿಗೆ ಕಾಲು ಭಾಗ ವ್ಯಾಪಾರವೇ ಹೋದಂತೆ ಕಾಣುತ್ತದೆ. ಮೇಲೆ 5.2 ಎಂದು ಬರೆದಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಕಂಬವನ್ನು ನೋಡುವವರು ಅಂಕಿ ಓದುವ ಮೊದಲೇ ಉದ್ದ ಹೋಲಿಸಿಬಿಟ್ಟಿರುತ್ತಾರೆ. ಕಂಬ ಇದ್ದಲ್ಲಿ ಬುಡ ಸೊನ್ನೆಯಲ್ಲೇ ಇರಬೇಕು. ಗೆರೆಯ ಚಾರ್ಟಿಗೆ ಈ ಕಟ್ಟುಪಾಡು ಅಷ್ಟು ಬಿಗಿಯಿಲ್ಲ. ಅಲ್ಲಿ ಕಣ್ಣು ನೋಡುವುದು ಏರಿಳಿತವನ್ನು, ಬುಡದಿಂದ ಅಳೆದ ಉದ್ದವನ್ನಲ್ಲ.

ತ್ರೀಡಿಯ ಬಗ್ಗೆ ಮ್ಯಾನೇಜರ್ ಎರಡೇ ಸಾಲು ಬರೆದಿದ್ದಾರೆ: ಮುಂದಿನ ಬೆಂಗಳೂರಿನ ಕಂಬಗಳ ಹಿಂದೆ ಕಲಬುರಗಿ ಮುಚ್ಚಿಹೋಗಿದೆ, ಕಂಬದ ತಲೆಯನ್ನು ಹಿಂದಿನ ಅಡ್ಡಗೆರೆಗೆ ಹಿಡಿದು ನೋಡಿದರೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಅಷ್ಟು ಸಾಕು. ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನಗಳನ್ನು ಹೋಲಿಸುವಾಗ ನಮ್ಮ ಕಣ್ಣು ಹೆಚ್ಚು ನಿಖರ, ಕೋನ, ವಿಸ್ತೀರ್ಣ, ಗಾತ್ರಗಳಿಗೆ ಬಂದಾಗ ಎಡವುತ್ತದೆ ಎಂದು ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಆದರೂ ತ್ರೀಡಿಯ ಮೋಹ ಯಾಕೋ ಹೋಗುವುದಿಲ್ಲ.

ಕೆಂಪು ಗೆರೆಯದು ಬೇರೆ ತಕರಾರು. ಎರಡು ಅಳತೆಗಳಿದ್ದಾಗ ಗೆರೆ ಕಂಬವನ್ನು ಎಲ್ಲಿ ದಾಟಬೇಕು ಎಂಬುದು ಅಳತೆ ಇಟ್ಟವರ ಕೈಯಲ್ಲಿರುತ್ತದೆ. ಬಲಗಡೆಯ ಅಳತೆಯನ್ನು ಶೇಕಡಾ 10ರಿಂದ 20 ಎಂದಿಟ್ಟರೆ ಒಂದು ಕಡೆ, 0ಯಿಂದ 40 ಎಂದಿಟ್ಟರೆ ಇನ್ನೊಂದು ಕಡೆ ದಾಟುತ್ತದೆ. ಸಭೆಯಲ್ಲಿ ಯಾರಾದರೂ ಆ ಜಾಗಕ್ಕೆ ಬೊಟ್ಟು ಮಾಡಿ "ಇಲ್ಲಿ ಏನಾಯಿತು?" ಎಂದು ಕೇಳಿಯೇ ಕೇಳುತ್ತಾರೆ. ಏನೂ ಆಗಿರುವುದಿಲ್ಲ. ಲಾಭಾಂಶವನ್ನು ಕೆಳಗೆ ಪುಟ್ಟ ಪಟ್ಟಿಯಲ್ಲಿ ಕೊಡಿ ಎಂಬುದು ಮ್ಯಾನೇಜರ್ ಸೂಚನೆ.

ಪತ್ರದ ತಿರುಳಿರುವುದು ಇದರ ಮುಂದಿನ ಪ್ಯಾರಾದಲ್ಲಿ. "ಮೈಸೂರು ನಿಜಕ್ಕೂ ಬಿದ್ದಿದೆಯೇ ಎಂದು ನೋಡೋಣ. 2024ರ ಯುಗಾದಿ ಏಪ್ರಿಲ್ 9ಕ್ಕೆ. 2025ರದು ಮಾರ್ಚ್ 30ಕ್ಕೆ." ಹೊಸ ಬಟ್ಟೆಯ ವ್ಯಾಪಾರ ನಡೆಯುವುದು ಹಬ್ಬದ ಹಿಂದಿನ ವಾರ, ಹತ್ತು ದಿನಗಳಲ್ಲಿ. ಹಾಗಾಗಿ 2024ರಲ್ಲಿ ಆ ವ್ಯಾಪಾರದ ಬಹುಪಾಲು ಏಪ್ರಿಲ್-ಜೂನ್ ಲೆಕ್ಕಕ್ಕೆ ಬಂತು, 2025ರಲ್ಲಿ ಜನವರಿ-ಮಾರ್ಚ್ ಲೆಕ್ಕಕ್ಕೆ ಹೋಯಿತು. ಎರಡೂ ತ್ರೈಮಾಸಿಕ ಕೂಡಿಸಿ ನೋಡಿದರೆ ಚಿತ್ರವೇ ಬೇರೆ: 2024ರಲ್ಲಿ 4.5 ಮತ್ತು 5.6 ಸೇರಿ 10.1 ಕೋಟಿ, 2025ರಲ್ಲಿ 5.1 ಮತ್ತು 5.2 ಸೇರಿ 10.3 ಕೋಟಿ. ಮೈಸೂರು ಬಿದ್ದಿಲ್ಲ, ಇಪ್ಪತ್ತು ಲಕ್ಷ ಏರಿದೆ.

ಸಾಮಾನ್ಯವಾಗಿ ಹಬ್ಬದ ಏರುಪೇರು ತಪ್ಪಿಸಲೆಂದೇ ಹೋದ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸುವುದು ರೂಢಿ. ದೀಪಾವಳಿಗೆ ಅದು ಸರಿಹೋಗುತ್ತದೆ, ಅಕ್ಟೋಬರ್‌ಗೆ ಬಂದರೂ ನವೆಂಬರ್‌ಗೆ ಬಂದರೂ ಅದೇ ತ್ರೈಮಾಸಿಕ. ಯುಗಾದಿ ಮಾತ್ರ ಮಾರ್ಚ್ 31ರ ಗೆರೆಯ ಆಚೀಚೆ ಓಡಾಡುವ ಹಬ್ಬ. 2023ರಲ್ಲಿ ಅದು ಮಾರ್ಚ್ 22ಕ್ಕೆ ಬಂದಿತ್ತು. ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಎಣಿಸಿದರೆ 2023-24ರ ಆರ್ಥಿಕ ವರ್ಷದಲ್ಲಿ ಯುಗಾದಿಯೇ ಇಲ್ಲ, 2024-25ರಲ್ಲಿ ಎರಡು. ತ್ರೈಮಾಸಿಕ ಬಿಟ್ಟು ಇಡೀ ವರ್ಷ ಹೋಲಿಸಿದರೂ ಬಟ್ಟೆ ವ್ಯಾಪಾರಿಗೆ ಮೋಸ ತಪ್ಪಿದ್ದಲ್ಲ.

ಕೊನೆಗೆ ಮ್ಯಾನೇಜರ್ ಕೇಳಿರುವುದು ಇಷ್ಟು. 48 ಕಂಬಗಳ ಬದಲು ಒಂದೇ ಪುಟದಲ್ಲಿ ಆರು ಪುಟ್ಟ ಚಾರ್ಟ್, ಊರಿಗೊಂದು. ಪ್ರತಿಯೊಂದರಲ್ಲೂ ಒಂದೇ ಗೆರೆ, ಒಂದೇ ಬಣ್ಣ, ಎಲ್ಲಕ್ಕೂ ಒಂದೇ ಅಳತೆ. ಊರಿನ ಹೆಸರು ಚಾರ್ಟಿನ ಮೇಲೆಯೇ ಇರಲಿ. ಅಂಕಿ ಕೊನೆಯ ಬಿಂದುವಿಗೆ ಮಾತ್ರ, ಕೋಟಿಯಲ್ಲಿ, ಒಂದೇ ದಶಾಂಶಕ್ಕೆ. ಯುಗಾದಿ ಬಿದ್ದ ತ್ರೈಮಾಸಿಕಗಳ ಮೇಲೆ ಕಪ್ಪು ಚುಕ್ಕೆ.

ಕಾರಣ ಸಮೇತ ಬರೆದ ಪತ್ರಕ್ಕೆ ಕಾರಣ ಸಮೇತವೇ ಉತ್ತರ ಬರುತ್ತದೆ. ಅನಲಿಸ್ಟ್ ಮರುದಿನ ಹೀಗೆ ಬರೆದರು: "ಸರ್, ಬೆಂಗಳೂರಿನ ಮಾರಾಟ ಉಳಿದವರಿಗಿಂತ ನಾಲ್ಕು ಪಟ್ಟು. ಒಂದೇ ಅಳತೆ ಇಟ್ಟರೆ ಬಾಕಿ ಐದೂ ಊರಿನ ಗೆರೆ ನೆಲಕ್ಕೆ ಅಂಟಿಕೊಳ್ಳುತ್ತೆ, ಮೈಸೂರಿನ ಏರಿಳಿತ ಕಾಣೋದೇ ಇಲ್ಲ. ಬೆಂಗಳೂರನ್ನ ಮೇಲೆ ಬೇರೆಯಾಗಿ ಹಾಕಿ, ಅಳತೆ ಬೇರೆ ಅಂತ ಬರೆದು, ಉಳಿದ ಐದಕ್ಕೆ ಒಂದೇ ಅಳತೆ ಕೊಡ್ಲಾ?" ಮ್ಯಾನೇಜರ್ ಒಪ್ಪಿದರು. ಪತ್ರದಲ್ಲಿ ಬರೀ "ಒಂದೇ ಅಳತೆ ಇಡಿ" ಎಂದಿದ್ದರೆ ಈ ಪ್ರಶ್ನೆ ಬಹುಶಃ ಹುಟ್ಟುತ್ತಲೇ ಇರಲಿಲ್ಲ. ಮೈಸೂರು ಕಾಣಬೇಕು ಎಂಬ ಉದ್ದೇಶ ಗೊತ್ತಿದ್ದುದರಿಂದ ಸೂಚನೆಯನ್ನೇ ತಿದ್ದುವುದು ಅನಲಿಸ್ಟ್‌ಗೆ ಸಾಧ್ಯವಾಯಿತು.

ಉತ್ತರದ ಕೊನೆಗೆ ಇನ್ನೊಂದು ಮಾತೂ ಇತ್ತು. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ. ದಸರೆಯ ಖರೀದಿ ಈ ಸಲ ಹೆಚ್ಚಾಗಿ ಸೆಪ್ಟೆಂಬರ್‌ನಲ್ಲೇ ಮುಗಿಯುತ್ತದೆ. ಹಾಗಾಗಿ ಜುಲೈ-ಸೆಪ್ಟೆಂಬರ್ ಚಾರ್ಟಿನಲ್ಲಿ ಮೈಸೂರು ಜಿಗಿದಂತೆ, ಅದರ ಮುಂದಿನದರಲ್ಲಿ ಜಾರಿದಂತೆ ಕಾಣಲಿದೆ. ಆ ಎರಡು ತ್ರೈಮಾಸಿಕಗಳಿಗೂ ಚುಕ್ಕೆ, ಪಕ್ಕದಲ್ಲಿ ಹಬ್ಬದ ತಾರೀಖು ಈಗಲೇ ಹಾಕಿಟ್ಟಿರುವುದಾಗಿ ಅವರು ತಿಳಿಸಿದ್ದರು.