ಒಂದೇ ವಿತರಣೆ, ಬೇರೆ ಬೆಲೆ

ನಾಣ್ಯವೊಂದನ್ನು ಚಿಮ್ಮಿ, ಹೆಡ್ ಬಿದ್ದರೆ 1 ಎಂದೂ ಟೇಲ್ ಬಿದ್ದರೆ 0 ಎಂದೂ ಬರೆದರೆ, ಆ ಬರೆದ ಸಂಖ್ಯೆಯನ್ನು ಯಾದೃಚ್ಛಿಕ ಚಲಕ ಎನ್ನುತ್ತಾರೆ. ಅದರ ಬಗ್ಗೆ ಎರಡು ಬಗೆಯ ಪ್ರಶ್ನೆ ಕೇಳಬಹುದು. ಈ ಸಲ ಬಿದ್ದ ಬೆಲೆ ಎಷ್ಟು ಎಂಬುದು ಒಂದು. ಯಾವ ಯಾವ ಬೆಲೆ ಎಷ್ಟೆಷ್ಟು ಪಾಲು ಸಲ ಬೀಳುತ್ತದೆ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಯ ಉತ್ತರವೇ ಚಲಕದ ವಿತರಣೆ. ಸರಿಯಾದ ನಾಣ್ಯದಲ್ಲಿ 0 ಅರ್ಧ ಪಾಲು, 1 ಅರ್ಧ ಪಾಲು. ಇಂಥ ಚಲಕಗಳು ಒಂದರ ಹಿಂದೆ ಒಂದರಂತೆ ಸಾಲಾಗಿ ಬಂದು ಯಾವುದೋ ಒಂದು ಚಲಕವನ್ನು ಸಮೀಪಿಸುತ್ತವೆ ಎಂದಾಗ, ಸಮೀಪಿಸುತ್ತಿರುವುದು ಬೆಲೆಯೋ ವಿತರಣೆಯೋ ಎಂದು ಕೇಳಲೇಬೇಕಾಗುತ್ತದೆ. ಬೆಲೆ ಸಮೀಪಿಸಿದರೆ ಸಂಭವನೀಯತೆಯಲ್ಲಿ ಅಭಿಸರಣ. ವಿತರಣೆ ಮಾತ್ರ ಸಮೀಪಿಸಿದರೆ ವಿತರಣೆಯಲ್ಲಿ ಅಭಿಸರಣ.

ಮೊದಲನೆಯದರ ಹಳೆಯ ಉದಾಹರಣೆ ಯಾಕೋಬ್ ಬರ್ನೂಲಿಯದು. ಅವನು ತೀರಿಕೊಂಡು ಎಂಟು ವರ್ಷಗಳ ನಂತರ, 1713ರಲ್ಲಿ ಅಚ್ಚಾದ ಗ್ರಂಥದಲ್ಲಿ ಅದು ಇದೆ. ನಾಣ್ಯವನ್ನು n ಸಲ ಚಿಮ್ಮಿ, ಹೆಡ್ ಬಿದ್ದ ಸಂಖ್ಯೆಯನ್ನು n ಇಂದ ಭಾಗಿಸಿದರೆ ಹೆಡ್‌ನ ಪಾಲು ಸಿಗುತ್ತದೆ. n ದೊಡ್ಡದಾದಂತೆ ಈ ಪಾಲು ಅರ್ಧದಿಂದ ದೂರ ಉಳಿಯುವ ಸಂಭವನೀಯತೆ ಸೊನ್ನೆಯತ್ತ ಇಳಿಯುತ್ತದೆ. ‘ದೂರ’ ಎಂದರೆ ಎಷ್ಟು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. 0.05 ಎಂದು ಇಟ್ಟುಕೊಂಡರೆ, 100 ಸಲ ಚಿಮ್ಮಿದಾಗ ಹೆಡ್‌ಗಳ ಸಂಖ್ಯೆ 45ರಿಂದ 55ರ ಹೊರಗೆ ಬೀಳುವ ಸಂಭವ ನೂರಕ್ಕೆ ಸುಮಾರು 27. 10,000 ಸಲ ಚಿಮ್ಮಿದರೆ ಪಾಲು ಅಷ್ಟು ದೂರ ಹೋಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಗೊತ್ತುಮಾಡಿದ ದೂರ ಎಷ್ಟೇ ಚಿಕ್ಕದಿರಲಿ ಇದು ನಡೆಯಬೇಕು ಎಂಬುದೇ ವ್ಯಾಖ್ಯೆ. ಸೂತ್ರವಾಗಿ ಬರೆದರೆ, ಪ್ರತಿಯೊಂದು ಧನ ಸಂಖ್ಯೆ ε ಗೂ

P(|Xₙ − X| > ε) → 0

ಇಲ್ಲಿ Xₙ − X ಎಂಬ ಕಳೆಯುವಿಕೆ ಇರುವುದನ್ನು ಗಮನಿಸಬೇಕು. ಒಂದರಿಂದ ಇನ್ನೊಂದನ್ನು ಕಳೆಯಬೇಕಾದರೆ ಎರಡೂ ಒಂದೇ ಪ್ರಯೋಗದಲ್ಲಿ ಹುಟ್ಟಿದ ಸಂಖ್ಯೆಗಳಾಗಿರಬೇಕು.

ವಿತರಣೆಯಲ್ಲಿ ಅಭಿಸರಣಕ್ಕೆ ಆ ಕಟ್ಟು ಇಲ್ಲ. ಅಲ್ಲಿ ಹೋಲಿಸುವುದು ವಿತರಣಾ ಫಲನಗಳನ್ನು, ಅಂದರೆ ಬೆಲೆಯು x ಅಥವಾ ಅದಕ್ಕಿಂತ ಕಡಿಮೆ ಇರುವ ಸಂಭವನೀಯತೆಗಳನ್ನು:

P(Xₙ ≤ x) → P(X ≤ x)

ಕಳೆಯುವಿಕೆ ಎಲ್ಲಿಯೂ ಇಲ್ಲ. Xₙ ಒಂದು ಊರಿನ ನಾಣ್ಯದಿಂದಲೂ X ಇನ್ನೊಂದು ಊರಿನ ನಾಣ್ಯದಿಂದಲೂ ಬಂದಿದ್ದರೂ ಈ ಹೋಲಿಕೆಗೆ ಅಡ್ಡಿಯಿಲ್ಲ. ಒಂದು ಷರತ್ತು ಮಾತ್ರ ಇದೆ: X ನ ವಿತರಣಾ ಫಲನ ಜಿಗಿಯುವ ಬಿಂದುಗಳನ್ನು ಬಿಟ್ಟು ಉಳಿದ x ಗಳಲ್ಲಿ ಇದು ನಡೆದರೆ ಸಾಕು. ಈ ವಿನಾಯಿತಿ ಸುಮ್ಮನೆ ಕೊಟ್ಟದ್ದಲ್ಲ. Xₙ ಯಾವಾಗಲೂ 1/n ಆಗಿರಲಿ, X ಯಾವಾಗಲೂ 0 ಆಗಿರಲಿ. 1, 1/2, 1/3 ಎಂದು ಸಾಗುವ ಸಾಲು ಸೊನ್ನೆಗೆ ಹತ್ತಿರವಾಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ x = 0 ಇಟ್ಟು ನೋಡಿದರೆ P(Xₙ ≤ 0) ಎಂದೆಂದಿಗೂ 0, P(X ≤ 0) ಮಾತ್ರ 1. ಆ ಒಂದು ಬಿಂದುವನ್ನು ಲೆಕ್ಕದಿಂದ ಬಿಡದಿದ್ದರೆ ಕಣ್ಣೆದುರಿನ ಅಭಿಸರಣವೂ ವ್ಯಾಖ್ಯೆಯಿಂದ ಹೊರಗೆ ಉಳಿಯುತ್ತಿತ್ತು.

ಬೆಲೆಗಳು ಹತ್ತಿರವಾದರೆ ವಿತರಣೆಗಳೂ ಹತ್ತಿರವಾಗುತ್ತವೆ. ಇದರ ಕಾರಣ ಸರಳ. Xₙ ನ ಬೆಲೆ x ಗಿಂತ ಹೆಚ್ಚಿಲ್ಲ ಎಂದಾದರೆ, ಒಂದೋ X ನ ಬೆಲೆ x + ε ಗಿಂತ ಹೆಚ್ಚಿರುವುದಿಲ್ಲ, ಇಲ್ಲವೇ ಎರಡರ ನಡುವಿನ ಅಂತರ ε ಗಿಂತ ದೊಡ್ಡದಾಗಿರುತ್ತದೆ. ಎರಡನೆಯದರ ಸಂಭವ ಸೊನ್ನೆಗೆ ಇಳಿಯುತ್ತಿರುವುದರಿಂದ, ಮಿತಿಯಲ್ಲಿ P(Xₙ ≤ x) ಎಂಬುದು P(X ≤ x + ε) ಅನ್ನು ದಾಟಲಾರದು. ಇದೇ ಮಾತನ್ನು ಕೆಳಗಿನಿಂದ x − ε ಗೂ ಹೇಳಬಹುದು. ε ಅನ್ನು ಕಿರಿದು ಮಾಡುತ್ತ ಹೋದರೆ, ಜಿಗಿತವಿಲ್ಲದ ಬಿಂದುಗಳಲ್ಲಿ ಎರಡು ಮಿತಿಗಳೂ P(X ≤ x) ನಲ್ಲಿ ಕೂಡಿಕೊಳ್ಳುತ್ತವೆ.

ತಿರುಗಿಸಿ ಹೇಳಿದರೆ ಮಾತು ನಿಲ್ಲುವುದಿಲ್ಲ. ಅದನ್ನು ತೋರಿಸಲು ಒಂದು ನಾಣ್ಯ ಸಾಕು. X ಎಂಬುದು ಮೇಲೆ ಹೇಳಿದ 0 ಅಥವಾ 1 ಆಗಿರಲಿ. ಪ್ರತಿಯೊಂದು n ಗೂ Xₙ = 1 − X ಎಂದಿರಲಿ. ಹೆಡ್ ಬಿದ್ದಾಗ X ಗೆ 1, Xₙ ಗೆ 0. ಟೇಲ್ ಬಿದ್ದಾಗ ಅದಲು ಬದಲು. ನಾಣ್ಯ ಸರಿಯಾಗಿರುವುದರಿಂದ Xₙ ಕೂಡ ಅರ್ಧ ಪಾಲು 0, ಅರ್ಧ ಪಾಲು 1. ಅದರ ವಿತರಣೆ X ನ ವಿತರಣೆಗೆ ಹತ್ತಿರವಾಗುವುದೇನು, ಮೊದಲಿನಿಂದಲೇ ಅದೇ ಆಗಿದೆ. ಹಾಗಾಗಿ ವಿತರಣೆಯಲ್ಲಿ ಅಭಿಸರಣ ಇದೆ. ಆದರೆ |Xₙ − X| ಎಂಬ ಅಂತರ ಪ್ರತಿಯೊಂದು ಚಿಮ್ಮಿನಲ್ಲೂ ಸರಿಯಾಗಿ 1. ε ಅನ್ನು 1/2 ಎಂದು ಇಟ್ಟರೆ, ಅಂತರ ಅದಕ್ಕಿಂತ ದೊಡ್ಡದಿರುವ ಸಂಭವನೀಯತೆ ಎಲ್ಲ n ಗಳಿಗೂ 1. ಸೊನ್ನೆಯತ್ತ ಅದು ಒಂದು ಕೂದಲೆಳೆಯಷ್ಟೂ ಸರಿಯುವುದಿಲ್ಲ.

ಈ ಉದಾಹರಣೆಗೆ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವೂ ಹೌದು. Xₙ ಗಳೆಲ್ಲ ಒಂದೇ ಆಗಿರುವುದರಿಂದ ಈ ಸಾಲು X ಅನ್ನು ಸೇರದಿದ್ದರೂ 1 − X ಅನ್ನು ಸೇರಿಯೇ ಇದೆ. ಮಿತಿಯಾಗಿ ತಪ್ಪು ಚಲಕವನ್ನು ಹಿಡಿದದ್ದೇ ತೊಂದರೆ, ಸಾಲಿನದೇನೂ ತಪ್ಪಿಲ್ಲ ಎನ್ನಬಹುದು. ಯಾವ ಚಲಕವನ್ನೂ ಸಂಭವನೀಯತೆಯಲ್ಲಿ ಸೇರದ, ಆದರೂ ವಿತರಣೆಯಲ್ಲಿ ಅಭಿಸರಿಸುವ ಸಾಲು ಬೇಕಾದರೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಂಖ್ಯಾಶಾಸ್ತ್ರದ ಅತಿ ಹೆಚ್ಚು ಬಳಕೆಯ ಪ್ರಮೇಯದಲ್ಲೇ ಅದು ಕೂತಿದೆ.

1733ರಲ್ಲಿ ಅಬ್ರಹಾಂ ದ ಮವಾವ್ರ್ ನಾಣ್ಯದ ಲೆಕ್ಕವನ್ನು ಬರ್ನೂಲಿಗಿಂತ ಒಂದು ಹೆಜ್ಜೆ ಮುಂದೆ ಒಯ್ದ. ಹೆಡ್‌ಗೆ +1, ಟೇಲ್‌ಗೆ −1 ಎಂದು ಅಂಕ ಕೊಟ್ಟು n ಚಿಮ್ಮುಗಳ ಅಂಕಗಳನ್ನು ಕೂಡಿದರೆ Sₙ ಎಂಬ ಮೊತ್ತ ಬರುತ್ತದೆ. ಅದನ್ನು n ಇಂದ ಭಾಗಿಸಿದರೆ ಬರ್ನೂಲಿ ಹೇಳಿದಂತೆ ಎಲ್ಲವೂ ಸೊನ್ನೆಗೆ ಕುಗ್ಗಿಹೋಗುತ್ತದೆ. n ನ ವರ್ಗಮೂಲದಿಂದ ಭಾಗಿಸಿದರೆ ಹಾಗಾಗುವುದಿಲ್ಲ. Zₙ = Sₙ/√n ಎಂಬ ಈ ಅಂಕದ ವಿತರಣೆ n ಬೆಳೆದಂತೆ ಗಂಟೆಯಾಕಾರದ ಪ್ರಸಾಮಾನ್ಯ ವಿತರಣೆಗೆ ಹತ್ತಿರವಾಗುತ್ತದೆ. ಇದೇ ಮುಂದೆ ಬೆಳೆದು ಕೇಂದ್ರೀಯ ಮಿತಿ ಪ್ರಮೇಯವಾಯಿತು.

ಈಗ ಒಬ್ಬನೇ ಒಬ್ಬ ಚಿಮ್ಮುಗಾರನ ಪುಸ್ತಕವನ್ನು ತೆರೆದು ನೋಡಬಹುದು. ಅವನು 100 ಸಲ ಚಿಮ್ಮಿದಾಗ 60 ಹೆಡ್, 40 ಟೇಲ್ ಬಿದ್ದಿವೆ. ಮೊತ್ತ 20. ನೂರರ ವರ್ಗಮೂಲ 10. ಹಾಗಾಗಿ ಅವನ ಅಂಕ 2, ಸಾಕಷ್ಟು ಮೇಲಿನ ಅಂಕವೇ. ಅದೇ ಪುಸ್ತಕದಲ್ಲಿ ಅವನು 10,000ದವರೆಗೆ ಮುಂದುವರಿಯುತ್ತಾನೆ. ಮೊದಲು ಗಳಿಸಿದ 20 ಹೊಸ ಮೊತ್ತದಲ್ಲಿ ಹಾಗೆಯೇ ಇರುತ್ತದೆ, ಆದರೆ ಈಗ ಭಾಗಿಸುವುದು 100 ಇಂದ. ಆ 20 ರಿಂದ ಹೊಸ ಅಂಕಕ್ಕೆ ದಕ್ಕುವುದು 0.2 ಮಾತ್ರ. ಮಿಕ್ಕದ್ದನ್ನೆಲ್ಲ ಆಮೇಲಿನ 9,900 ಚಿಮ್ಮುಗಳು ನಿರ್ಧರಿಸುತ್ತವೆ, ಅವುಗಳಿಗೆ ಮೊದಲ ನೂರರ ಗೊಡವೆಯೇ ಇಲ್ಲ. ಹೀಗಾಗಿ 2 ಇದ್ದ ಅಂಕ ಸೊನ್ನೆಗಿಂತ ಕೆಳಗೆ ಇಳಿದಿರುವ ಸಂಭವ ನೂರಕ್ಕೆ ಸುಮಾರು 42. ಅದು 1.5 ಮತ್ತು 2.5ರ ನಡುವೆಯೇ ಉಳಿದಿರುವ ಸಂಭವ ನೂರಕ್ಕೆ 8 ಅಥವಾ 9.

ಇಂಥ ಸಾವಿರ ಜನ ಚಿಮ್ಮುಗಾರರ ಅಂಕಗಳನ್ನು ಒಟ್ಟಿಗೆ ಹಾಕಿ ಸ್ತಂಭಾಲೇಖ ಬರೆದರೆ, ನೂರನೆಯ ಚಿಮ್ಮಿನ ಬಳಿಕವೂ ಹತ್ತು ಸಾವಿರದ ಬಳಿಕವೂ ಹೆಚ್ಚುಕಡಿಮೆ ಅದೇ ಗಂಟೆಯಾಕಾರ ಕಾಣುತ್ತದೆ. ಒಬ್ಬೊಬ್ಬರ ಗೆರೆಯನ್ನು ಬೇರೆ ಬೇರೆಯಾಗಿ ಎಳೆದರೆ ಮಾತ್ರ ಗುಟ್ಟು ತಿಳಿಯುತ್ತದೆ: ಗಂಟೆ ನಿಂತಲ್ಲೇ ನಿಂತಿದೆ, ಅದರೊಳಗಿನವರು ಜಾಗ ಬದಲಿಸುತ್ತಲೇ ಇದ್ದಾರೆ. ಕಂಪ್ಯೂಟರಿನಲ್ಲಿ ಪ್ರಯೋಗ ಮಾಡುವವರು ಸ್ತಂಭಾಲೇಖವೊಂದನ್ನೇ ನೋಡಿ ಬೆಲೆಗಳೂ ನೆಲೆನಿಂತವು ಎಂದುಕೊಳ್ಳುವ ತಪ್ಪು ಇಲ್ಲಿಯೇ ಆಗುವುದು.

ಇದನ್ನು ಪೂರ್ತಿ ಸಾಧಿಸಲು ಹೆಚ್ಚೇನೂ ಬೇಕಿಲ್ಲ. Zₙ ಎಂಬುದು ಯಾವುದೋ ಒಂದು Z ಅನ್ನು ಸಂಭವನೀಯತೆಯಲ್ಲಿ ಸೇರುತ್ತದೆ ಎಂದಿಟ್ಟುಕೊಳ್ಳೋಣ. ಆಗ ದೊಡ್ಡ n ಗಳಿಗೆ, ಬಹುಮಟ್ಟಿಗೆ ಯಾವಾಗಲೂ, Zₙ ಕೂಡ Z ಗೆ ಹತ್ತಿರ ಇರಬೇಕು, ಅದರ ನೂರುಪಟ್ಟು ದೂರದ Z₁₀₀ₙ ಕೂಡ ಹತ್ತಿರ ಇರಬೇಕು. ಅಂದಮೇಲೆ ಅವೆರಡೂ ಒಂದಕ್ಕೊಂದು ಹತ್ತಿರ ಇರಬೇಕು. ಆದರೆ ಮೇಲಿನ ಲೆಕ್ಕದಂತೆ Z₁₀₀ₙ ನಲ್ಲಿ Zₙ ನ ಹತ್ತನೇ ಒಂದು ಪಾಲು ಮಾತ್ರ ಇದೆ. ಅವುಗಳ ವ್ಯತ್ಯಾಸದ ಮಾನಕ ವಿಚಲನೆ √1.8, ಅಂದರೆ ಸುಮಾರು 1.34. n ಎಷ್ಟಾದರೂ ಇದು ಬದಲಾಗದು. n ದೊಡ್ಡದಿದ್ದಾಗ ವ್ಯತ್ಯಾಸ 1 ಅನ್ನು ಮೀರುವ ಸಂಭವ ನೂರಕ್ಕೆ ಸುಮಾರು 46ರಲ್ಲೇ ನಿಲ್ಲುತ್ತದೆ. ಹತ್ತಿರ ಇರಬೇಕಾದವು ಹತ್ತಿರ ಇಲ್ಲ, ಆದ್ದರಿಂದ ಅಂಥ Z ಇಲ್ಲ.

ವಿತರಣೆಯಿಂದ ಬೆಲೆಗೆ ಮರಳುವ ದಾರಿ ಒಂದು ಸಂದರ್ಭದಲ್ಲಿ ತೆರೆದಿದೆ. ಮಿತಿಯಾಗಿ ನಿಂತಿರುವುದು c ಎಂಬ ಸ್ಥಿರ ಸಂಖ್ಯೆಯಾದರೆ, ವಿತರಣೆಯಲ್ಲಿ ಅಭಿಸರಣವೇ ಸಂಭವನೀಯತೆಯಲ್ಲಿ ಅಭಿಸರಣವನ್ನೂ ತರುತ್ತದೆ. ಆಗ ವಿತರಣಾ ಫಲನದ ಜಿಗಿತ c ಯಲ್ಲಿ ಮಾತ್ರ. c − ε ವರೆಗೆ ಬೀಳುವ ಸಂಭವ 0 ಗೂ, c + ε ವರೆಗೆ ಬೀಳುವ ಸಂಭವ 1 ಕ್ಕೂ ಹೋಗುತ್ತದೆ. ಎರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಎಲ್ಲವೂ ಬಂದು ಬೀಳದೆ ಬೇರೆ ದಾರಿಯಿಲ್ಲ. ಒಂದೇ ಬೆಲೆ ಇರುವಲ್ಲಿ ಜಾಗ ಅದಲು ಬದಲು ಮಾಡಿಕೊಳ್ಳಲು ಬೇರೆ ಜಾಗವೇ ಇಲ್ಲ.

ಈ ಭೇದವನ್ನು ಮರೆತರೆ ಲೆಕ್ಕ ಕೆಡುವುದು ಹೆಚ್ಚಾಗಿ ಕೂಡುವಾಗ. ನಾಣ್ಯದ ಉದಾಹರಣೆಯಲ್ಲೇ Xₙ ವಿತರಣೆಯಲ್ಲಿ X ಗೆ ಹೋಗುತ್ತದೆ. ಹಾಗಾದರೆ X + Xₙ ಎಂಬುದು X + X ಗೆ, ಅಂದರೆ 2X ಗೆ ಹೋಗಬೇಡವೇ? 2X ಅರ್ಧ ಸಲ 0, ಅರ್ಧ ಸಲ 2. ಆದರೆ X + (1 − X) ಯಾವಾಗಲೂ 1. 2X ಎಂದೂ ಮುಟ್ಟದ ಬೆಲೆಯೇ ಇಲ್ಲಿ ಪ್ರತಿಸಲವೂ ಬರುತ್ತದೆ. ಒಂದೊಂದರ ವಿತರಣೆ ಗೊತ್ತಿದ್ದರೂ ಎರಡೂ ಸೇರಿ ಹೇಗೆ ಏರಿಳಿಯುತ್ತವೆ ಎಂಬುದು ಅದರಿಂದ ತಿಳಿಯುವುದಿಲ್ಲ. ಎರಡರಲ್ಲಿ ಒಂದು ಸ್ಥಿರ ಸಂಖ್ಯೆಯನ್ನು ಸೇರುವಂತಿದ್ದರೆ ಮಾತ್ರ ಧೈರ್ಯವಾಗಿ ಕೂಡಬಹುದು, ಗುಣಿಸಬಹುದು, ಆ ಸಂಖ್ಯೆ ಸೊನ್ನೆಯಲ್ಲದಿದ್ದರೆ ಅದನ್ನು ಸೇರುವ ಚಲಕದಿಂದ ಭಾಗಿಸಲೂಬಹುದು. ಇದನ್ನು 1925ರ ಕೆಲಸಕ್ಕಾಗಿ ಯೆವ್ಗೆನಿ ಸ್ಲುಟ್‌ಸ್ಕಿಯ ಹೆಸರಿನಿಂದ ಕರೆಯುತ್ತಾರೆ. ಸಮೀಕ್ಷೆಯ ಸರಾಸರಿಯನ್ನು ಪರೀಕ್ಷಿಸುವಾಗ ಗೊತ್ತಿಲ್ಲದ ಮಾನಕ ವಿಚಲನೆಯ ಬದಲಿಗೆ ಮಾದರಿಯಿಂದ ಲೆಕ್ಕ ಹಾಕಿದ ವಿಚಲನೆಯನ್ನು ಹಾಕಿ ಭಾಗಿಸಿದರೂ, ಮಾದರಿ ದೊಡ್ಡದಿದ್ದರೆ ಉತ್ತರ ಪ್ರಸಾಮಾನ್ಯ ವಿತರಣೆಯನ್ನೇ ಅನುಸರಿಸುವುದು ಈ ಬಲದ ಮೇಲೆ. ಮೇಲಿನ ಅಂಶ ವಿತರಣೆಯಲ್ಲಿ ಅಭಿಸರಿಸುತ್ತದೆ, ಕೆಳಗಿನದು ಸಂಭವನೀಯತೆಯಲ್ಲಿ ಒಂದು ಸ್ಥಿರ ಸಂಖ್ಯೆಗೆ ಹೋಗುತ್ತದೆ.

1956ರಲ್ಲಿ ಅನಾತೊಲಿ ಸ್ಕೊರೊಖೊದ್ ಈ ಎರಡು ಅಭಿಸರಣಗಳ ನಡುವೆ ಇನ್ನೊಂದು ಸೇತುವೆ ಕಟ್ಟಿದ. ವಿತರಣೆಯಲ್ಲಿ ಮಾತ್ರ ಅಭಿಸರಿಸುವ ಸಾಲು ಇದ್ದರೆ, ಬೇರೊಂದು ಪ್ರಯೋಗವನ್ನು ಏರ್ಪಡಿಸಿ ಅವೇ ವಿತರಣೆಗಳುಳ್ಳ ಹೊಸ ಚಲಕಗಳನ್ನು ಕಟ್ಟಬಹುದು, ಮತ್ತು ಆ ಹೊಸ ಚಲಕಗಳ ಬೆಲೆಗಳೇ ಒಂದರ ಸಮೀಪಕ್ಕೆ ಒಂದು ಬರುವಂತೆ ಮಾಡಬಹುದು. ನಾಣ್ಯದ ವಿಷಯದಲ್ಲಿ ಅದು ಬಲು ಸುಲಭ: 1 − X ಅನ್ನು ಬಿಟ್ಟು, ಎಲ್ಲ n ಗಳಿಗೂ X ಅನ್ನೇ ಬರೆದರಾಯಿತು. ವಿತರಣೆ ಒಂದು ಚೂರೂ ಬದಲಾಗಲಿಲ್ಲ, ಅಂತರ ಮಾತ್ರ 1 ಇದ್ದದ್ದು 0 ಆಯಿತು.