ಕುತ್ತಿಗೆಯಲ್ಲೊಂದು ಸಣ್ಣ ಗಂಟು: ಡಾಕ್ಟರ್ ಬರೆದ ಕಾಗದದಲ್ಲಿ ಏನಿದೆ?



ಸಕಲೇಶಪುರದ ಹಾನುಬಾಳು ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ನಮ್ಮ ಸ್ವಸಹಾಯ ಸಂಘದ ಸದಸ್ಯೆಯೊಬ್ಬರಿದ್ದಾರೆ. ವಯಸ್ಸು ನಲವತ್ತಾರು. ಹೋದ ವರ್ಷದ ಮಳೆಗಾಲದಲ್ಲಿ ಸೌದೆ ಹೊರೆ ಹೊತ್ತು ಇಳಿಜಾರಿನಲ್ಲಿ ಬರುವಾಗ ಜಾರಿ ಬಿದ್ದರು. ಕುತ್ತಿಗೆ ನೋವು ಹೋಗಲಿಲ್ಲವೆಂದು ಹಾಸನದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಮೂಳೆ ಸರಿಯಾಗಿತ್ತು, ಆದರೆ ಥೈರಾಯ್ಡ್ ಗ್ರಂಥಿಯ ಎಡಭಾಗದಲ್ಲಿ ಒಂದು ಸಣ್ಣ ಗಂಟು ಕಂಡಿತು. ಆಮೇಲೆ ಅಲ್ಟ್ರಾಸೌಂಡ್ ಆಯಿತು, ರಕ್ತ ಪರೀಕ್ಷೆ ಆಯಿತು. ಕೊನೆಗೆ ಡಾಕ್ಟರು ಒಂದು ಕಾಗದ ಬರೆದು ಕೊಟ್ಟರು: "ಈಗ ಆಪರೇಷನ್ ಬೇಡ, ಸೂಜಿ ಪರೀಕ್ಷೆಯೂ ಬೇಡ. ಒಂದು ವರ್ಷ ಬಿಟ್ಟು ಸ್ಕ್ಯಾನ್ ಮಾಡಿ ನೋಡೋಣ."

ಆ ಕಾಗದ ಹಿಡಿದು ಅವರು ನಮ್ಮ ಹತ್ತಿರ ಬಂದರು. "ಸಿಸ್ಟರ್, ಗಂಟು ಇದೆ ಅಂತಾರೆ, ಆದ್ರೆ ಏನೂ ಮಾಡಲ್ಲ ಅಂತಾರೆ. ನಾವು ಬಡವರು ಅಂತ ಕೈಬಿಟ್ರಾ?" ಎಂದು ಕೇಳಿದರು. ಗಂಡ ಆಗಲೇ ಇದ್ದ ಒಂದು ಸರ ಅಡವಿಟ್ಟು ಗಂಟು ತೆಗೆಸಲು ಹೊರಟಿದ್ದರು. ಹಾಗಾಗಿ ಆ ಕಾಗದವನ್ನು ಅವರ ಜೊತೆ ಕೂತು ಸಾಲು ಸಾಲಾಗಿ ಓದಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಆಕಸ್ಮಿಕವಾಗಿ ಕಂಡ ಗಂಟು

ಕಾಗದದ ಮೊದಲ ಸಾಲಿನಲ್ಲಿ ಇದ್ದದ್ದು "ಇನ್ಸಿಡೆಂಟಲ್" ಎಂಬ ಮಾತು. ಅಂದರೆ ಬೇರೆ ಏನನ್ನೋ ಹುಡುಕುವಾಗ ಸಿಕ್ಕಿದ್ದು. ನಮ್ಮ ಮಲೆನಾಡಿನ ಹಿರಿಯರಿಗೆ ಗಳಗಂಡ ಗೊತ್ತು. ಅದು ಉಪ್ಪಿನಲ್ಲಿ ಅಯೋಡಿನ್ ಇಲ್ಲದೆ ಇಡೀ ಗ್ರಂಥಿ ಊದಿ ಹೊರಗೆ ಕಾಣುವಂಥದ್ದು. ಇದು ಅದಲ್ಲ. ಇದು ಕಣ್ಣಿಗೂ ಕಾಣದು, ಕೈಗೂ ಸಿಗದು. ಹೀಗೆ ಅಲ್ಟ್ರಾಸೌಂಡ್ ಇಟ್ಟು ಹುಡುಕಿದರೆ ದೊಡ್ಡವರಲ್ಲಿ ಬಹಳ ಮಂದಿಗೆ ಸಣ್ಣ ಗಂಟು ಸಿಗುತ್ತದೆ, ಹೆಂಗಸರಲ್ಲಿ ಹೆಚ್ಚು, ವಯಸ್ಸಾದಂತೆ ಇನ್ನೂ ಹೆಚ್ಚು. ಅವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ.

ಅಂಕಿಗಳು ಏನು ಹೇಳುತ್ತವೆ?

ಎರಡನೆಯ ಸಾಲಿನಲ್ಲಿ "12 × 9 × 8 ಮಿ.ಮೀ., ಟೈರಾಡ್ಸ್ 4" ಎಂದಿತ್ತು. ಮೊದಲನೆಯದು ಗಂಟಿನ ಅಳತೆ, ಹೆಚ್ಚು ಕಡಿಮೆ ಒಂದು ಕಾಫಿ ಬೀಜದಷ್ಟು. ಎರಡನೆಯದು ಗಂಟಿನ ಲಕ್ಷಣ ನೋಡಿ ಕೊಡುವ ದರ್ಜೆ. 1 ಎಂದರೆ ಚಿಂತೆಯೇ ಇಲ್ಲ, 5 ಎಂದರೆ ಸಂಶಯ ಜಾಸ್ತಿ. ಇವರ ಗಂಟು ನೀರು ತುಂಬಿದ್ದಲ್ಲ, ಗಟ್ಟಿಯಾದದ್ದು, ಪರದೆಯಲ್ಲಿ ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಂಡದ್ದು. ಈ ಎರಡಕ್ಕೆ ನಾಲ್ಕು ಅಂಕ ಬಂದು 4ನೇ ದರ್ಜೆ ಆಯಿತು. ಆದರೆ ಅಂಚು ನಯವಾಗಿತ್ತು, ಒಳಗೆ ಸುಣ್ಣದ ಚುಕ್ಕೆಗಳಿರಲಿಲ್ಲ, ಅಗಲಕ್ಕಿಂತ ಎತ್ತರ ಹೆಚ್ಚಿರಲಿಲ್ಲ, ಕುತ್ತಿಗೆಯ ದುಗ್ಧರಸ ಗ್ರಂಥಿಗಳು ಸರಿಯಾಗಿದ್ದವು. ಹೆದರಿಸುವ ಲಕ್ಷಣಗಳು ಇವೇ, ಇವರಲ್ಲಿ ಒಂದೂ ಇರಲಿಲ್ಲ.

"4 ಅಂದ್ರೆ ಕ್ಯಾನ್ಸರಿನ ನಾಲ್ಕನೇ ಹಂತ" ಎಂದು ಯಾರೋ ಹೇಳಿ ಇವರನ್ನು ಅಳಿಸಿದ್ದರು. ಅದು ಪೂರ್ತಿ ತಪ್ಪು. ಈ ದರ್ಜೆಯ ನೂರು ಗಂಟುಗಳಲ್ಲಿ ಸುಮಾರು ಐದರಿಂದ ಇಪ್ಪತ್ತು ಮಾತ್ರ ಕ್ಯಾನ್ಸರ್ ಆಗಿರಬಹುದು. ಈ ದರ್ಜೆಯ ಗಂಟಿಗೆ 15 ಮಿ.ಮೀ. ಆದರೆ ಸೂಜಿ ಪರೀಕ್ಷೆ, 10ರಿಂದ 15ರ ಒಳಗಿದ್ದರೆ ಒಂದು, ಎರಡು, ಮೂರು ಮತ್ತು ಐದನೇ ವರ್ಷದಲ್ಲಿ ಸ್ಕ್ಯಾನ್ ಎಂಬುದು 2017ರ ಅಮೆರಿಕದ ರೇಡಿಯಾಲಜಿ ವೈದ್ಯರ ಕ್ರಮ. ಡಾಕ್ಟರು ಅದನ್ನೇ ಪಾಲಿಸಿದ್ದಾರೆ. ಬಡವರಿಗೊಂದು, ಶ್ರೀಮಂತರಿಗೊಂದು ಎಂಬ ಭೇದ ಇದರಲ್ಲಿಲ್ಲ.

ಥೈರಾಯ್ಡಿನ ಕೆಲಸ ತೋರಿಸುವ ಟಿ.ಎಸ್.ಎಚ್. ರಕ್ತ ಪರೀಕ್ಷೆಯೂ ಸರಿಯಾಗಿತ್ತು. ಆದ್ದರಿಂದ ಮಾತ್ರೆ ಬೇಕಿಲ್ಲ. ಗಂಟು ಕರಗಲಿ ಎಂದು ಥೈರಾಯ್ಡ್ ಮಾತ್ರೆ ನುಂಗಿದರೆ ಪ್ರಯೋಜನ ಕಡಿಮೆ, ಹೃದಯಕ್ಕೂ ಮೂಳೆಗೂ ತೊಂದರೆ. ಅಯೋಡಿನ್ ಉಪ್ಪು ಎಂದಿನಂತೆ ತಿನ್ನಬೇಕು, ಆದರೆ ಈ ಗಂಟನ್ನು ಅದು ಕರಗಿಸುವುದಿಲ್ಲ.

ಕ್ಯಾನ್ಸರೇ ಆಗಿದ್ದರೆ?

ಇದು ಅವರು ಕೇಳಿದ ಮುಖ್ಯ ಪ್ರಶ್ನೆ. ಉತ್ತರ ಎರಡು ದೇಶಗಳಲ್ಲಿದೆ.

ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಸರಕಾರದ ಕ್ಯಾನ್ಸರ್ ತಪಾಸಣೆ ಶುರುವಾದಾಗ ಅದರ ಜೊತೆಗೇ ಜನ ಥೈರಾಯ್ಡ್ ಸ್ಕ್ಯಾನ್ ಕೂಡ ಮಾಡಿಸಿಕೊಂಡರು. 2011ಕ್ಕೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ ಹದಿನೈದು ಪಟ್ಟಾಯಿತು. ಬಹುತೇಕ ಎಲ್ಲರಿಗೂ ಆಪರೇಷನ್ ಆಯಿತು. ಆದರೆ ಈ ರೋಗದಿಂದ ಸಾಯುವವರ ಸಂಖ್ಯೆ ಇಳಿಯಲಿಲ್ಲ. ಅಂದರೆ ತೆಗೆದ ಗಂಟುಗಳಲ್ಲಿ ಹೆಚ್ಚಿನವು ಜೀವಕ್ಕೆ ಅಪಾಯ ಮಾಡುವಂಥವೇ ಆಗಿರಲಿಲ್ಲ.

ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ 1993ರಿಂದ ಬೇರೆ ದಾರಿ ಹಿಡಿದರು. ಕ್ಯಾನ್ಸರ್ ಎಂದು ಸೂಜಿಯಲ್ಲೇ ಖಚಿತವಾದ, ಆದರೆ 10 ಮಿ.ಮೀ. ಮೀರದ, ಅಪಾಯದ ಲಕ್ಷಣವಿಲ್ಲದ ಗಂಟುಗಳನ್ನು ಸ್ಕ್ಯಾನ್ ಮಾಡುತ್ತ ಕಾದರು. 1,235 ಜನರ ವರದಿಯಂತೆ ಹತ್ತು ವರ್ಷದಲ್ಲಿ ನೂರಕ್ಕೆ ಎಂಟು ಜನರ ಗಂಟು 3 ಮಿ.ಮೀ. ಅಥವಾ ಹೆಚ್ಚು ಬೆಳೆಯಿತು. ಈ ರೋಗದಿಂದ ಯಾರೂ ಸಾಯಲಿಲ್ಲ. ಬೆಳೆದವರಿಗೆ ಆಮೇಲೆ ಆಪರೇಷನ್ ಮಾಡಿದರೂ ತಡವಾಗಲಿಲ್ಲ.

ಆಪರೇಷನ್ ಮಾತ್ರ ಸಣ್ಣದಲ್ಲ. ಗ್ರಂಥಿ ಪೂರ್ತಿ ತೆಗೆದರೆ ಜೀವನವಿಡೀ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ಕೆಲವರಿಗೆ ಧ್ವನಿಯ ನರಕ್ಕೆ ಪೆಟ್ಟಾಗಿ ಮಾತು ಬದಲಾಗುತ್ತದೆ, ಕೆಲವರಿಗೆ ಕ್ಯಾಲ್ಸಿಯಂ ಇಳಿದು ಕೈಕಾಲು ಸೆಳೆಯುತ್ತದೆ. ಬಹುಶಃ ನಿರುಪದ್ರವಿಯಾದ ಗಂಟಿಗೆ ಇಷ್ಟು ಬೆಲೆ ಕೊಡಬೇಕೇ ಎಂಬುದೇ ಕಾಗದದ ಒಟ್ಟು ಅರ್ಥ.

ಒಂದು ಮಿಲಿಮೀಟರಿನ ಭಯ

ಮೊನ್ನೆ ವರ್ಷದ ಸ್ಕ್ಯಾನ್ ಆಯಿತು. 13 × 9 × 8 ಮಿ.ಮೀ. ಎಂದು ಬಂತು. "ಬೆಳೀತಲ್ಲ ಸಿಸ್ಟರ್!" ಎಂದು ಮತ್ತೆ ಓಡಿ ಬಂದರು. ಆದರೆ ಅದೇ ಗಂಟನ್ನು ಒಂದೇ ದಿನ ಇಬ್ಬರು ಅಳೆದರೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರಬಹುದು. ಎರಡು ಅಳತೆಗಳಾದರೂ ನೂರಕ್ಕೆ ಇಪ್ಪತ್ತರಷ್ಟು, ಅದೂ 2 ಮಿ.ಮೀ.ಗೆ ಕಡಿಮೆಯಿಲ್ಲದೆ ಹೆಚ್ಚಾದರೆ ಬೆಳವಣಿಗೆ ಎನ್ನುತ್ತಾರೆ. ಇವರ ಲೆಕ್ಕದಲ್ಲಿ 12 ಇದ್ದದ್ದು 15 ಆಗಿ, 9 ಇದ್ದದ್ದು 11 ಆಗಿದ್ದರೆ ಯೋಚಿಸಬೇಕಿತ್ತು. ಲಕ್ಷಣಗಳೂ ಬದಲಾಗಿಲ್ಲ. ಮುಂದಿನ ಸ್ಕ್ಯಾನ್ ಇನ್ನೊಂದು ವರ್ಷಕ್ಕೆ.

ಈ ಹೋಲಿಕೆ ಸಾಧ್ಯವಾದದ್ದು ಅವರು ಹಳೆಯ ರಿಪೋರ್ಟ್ ಮತ್ತು ಫಿಲ್ಮನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಳೆಗೆ ನೆನೆಯದಂತೆ ಇಟ್ಟಿದ್ದರಿಂದ. ಹಳೆಯದು ಕಳೆದರೆ ಹೊಸದಕ್ಕೆ ಅರ್ಧ ಬೆಲೆ. ಆದಷ್ಟು ಒಂದೇ ಕಡೆ ಸ್ಕ್ಯಾನ್ ಮಾಡಿಸಿ. ಅಲ್ಟ್ರಾಸೌಂಡಿನಲ್ಲಿ ವಿಕಿರಣ ಇಲ್ಲ, ಪದೇ ಪದೇ ಮಾಡಿದರೆ ದೇಹಕ್ಕೆ ಹಾನಿಯಿಲ್ಲ.

ಯಾವಾಗ ಕಾಯಬಾರದು?

ಕಾಯುವುದೆಂದರೆ ಮರೆಯುವುದಲ್ಲ. ಮೂರು ವಾರ ಕಳೆದರೂ ಹೋಗದ ಗೊಗ್ಗರು ಧ್ವನಿ, ನುಂಗಲು ಅಥವಾ ಉಸಿರಾಡಲು ಕಷ್ಟ, ಕುತ್ತಿಗೆಯಲ್ಲಿ ಕೈಗೆ ಸಿಗುವ ಹೊಸ ಗಟ್ಟಿ ಗೆಡ್ಡೆ, ಕೆಲವೇ ವಾರದಲ್ಲಿ ದಪ್ಪವಾಗುವ ಗಂಟು, ಇವುಗಳಲ್ಲಿ ಒಂದಿದ್ದರೂ ದಿನಾಂಕಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು. ರಕ್ತಸಂಬಂಧಿಗಳಿಗೆ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ, ಅಥವಾ ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಮೊದಲೇ ಹೇಳಬೇಕು. ಆಗ ಲೆಕ್ಕವೇ ಬೇರೆ.

ಸರ ಅಡವಿಗೆ ಹೋಗಲಿಲ್ಲ. ಆ ಅಕ್ಕ ಈಗ ಹಣ್ಣು ಕುಯ್ಯಲು ಹೋಗುತ್ತಿದ್ದಾರೆ. ಮುಂದಿನ ಸ್ಕ್ಯಾನಿನ ತಾರೀಕನ್ನು ಅವರ ಸಂಘದ ಪಾಸ್ ಪುಸ್ತಕದ ಮೊದಲ ಪುಟದಲ್ಲಿ ನಾವೇ ಬರೆದು ಕೊಟ್ಟಿದ್ದೇವೆ. ಇಂಥ ಕಾಗದ ನಿಮ್ಮ ಮನೆಯಲ್ಲೂ ಇದ್ದರೆ ಸಂಘದ ಸಭೆಗೆ ತನ್ನಿ, ಕೂತು ಓದೋಣ.