ಆರು ಸಾವಿರ ಲೆಕ್ಕ ತಪ್ಪದ ಪೆಟ್ಟಿಗೆ

ಗದಗಿನಂಥ ಊರಿನ ಒಂದು ಸಾಧಾರಣ ಮುದ್ರಣಾಲಯವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಕಾಗದದ ರೀಮುಗಳು ಬಂದಿಳಿದರೆ ಹಮಾಲರಿಗೆ ಕೂಲಿ ಕೊಡಬೇಕು. ಮಧ್ಯಾಹ್ನ ಅಚ್ಚಾದ ಲಗ್ನಪತ್ರಿಕೆಗಳ ಕಟ್ಟು ಆಟೋದಲ್ಲಿ ಹೋಗಬೇಕು. ನಡುವೆ ಯಂತ್ರ ಒರೆಸಲು ಬನಿಯನ್ ವೇಸ್ಟ್, ಬೈಂಡಿಂಗಿಗೆ ಗೋಂದು, ಕೆಲಸಗಾರರಿಗೆ ಚಹಾ. ಇಂಥ 50-100 ರೂಪಾಯಿಗಳಿಗೆಲ್ಲ ಮಾಲೀಕರು ಚೆಕ್ ಬರೆಯುತ್ತ ಕೂರಲಾಗದು. ಹಾಗೆಂದು ಗಲ್ಲಾಪೆಟ್ಟಿಗೆಯಿಂದ ಬೇಕಾದಾಗ ಬೇಕಾದಷ್ಟು ತೆಗೆದರೆ, ತಿಂಗಳ ಕೊನೆಗೆ ವ್ಯಾಪಾರದ ಹಣವೆಷ್ಟು, ಖರ್ಚಿನ ಹಣವೆಷ್ಟು ಎಂಬುದು ಯಾರಿಗೂ ತಿಳಿಯದು.

ಇದಕ್ಕೆ ಲೆಕ್ಕಪತ್ರ ಶಾಸ್ತ್ರ ಕಂಡುಕೊಂಡ ದಾರಿಯೇ ಇಂಪ್ರೆಸ್ಟ್ ಪದ್ಧತಿ. ಚಿಲ್ಲರೆ ಖರ್ಚಿಗೆಂದು ಒಂದು ಮೊತ್ತವನ್ನು ಮೊದಲೇ ಗೊತ್ತುಮಾಡಿ ಒಬ್ಬರ ಕೈಗೆ ಕೊಡುವುದು, ಅವರು ಚೀಟಿ ಇಟ್ಟುಕೊಂಡು ಖರ್ಚು ಮಾಡುವುದು, ಎಷ್ಟು ಖರ್ಚಾಯಿತೋ ಸರಿಯಾಗಿ ಅಷ್ಟನ್ನೇ ಮತ್ತೆ ತುಂಬಿಕೊಡುವುದು. ಸರ್ಕಾರಿ ಕಚೇರಿಗಳಲ್ಲೂ ಖಾಯಂ ಮುಂಗಡ ಎಂಬ ಹೆಸರಿನಲ್ಲಿ ಇದೇ ನಡೆಯುತ್ತದೆ. ಅಲ್ಲಿ ಖರ್ಚಾದ ಹಣವನ್ನು ಸಾದಿಲ್ವಾರು ಬಿಲ್ಲಿನ ಮೂಲಕ ಮರಳಿ ಪಡೆಯುತ್ತಾರೆ.

ಮೊತ್ತವನ್ನು ಗೊತ್ತುಮಾಡುವುದು ಹೇಗೆ? ಮುದ್ರಣಾಲಯದ ಹಿಂದಿನ ಮೂರು ತಿಂಗಳ ಸಣ್ಣ ಖರ್ಚು ವಾರಕ್ಕೆ ಸುಮಾರು 2,500 ರೂಪಾಯಿ ಎಂದಿಟ್ಟುಕೊಳ್ಳೋಣ. ಹದಿನೈದು ದಿನಕ್ಕೊಮ್ಮೆ ತುಂಬುವುದಾದರೆ 5,000, ಅಡಚಣೆಗೆಂದು ಇನ್ನೊಂದು ಸಾವಿರ ಸೇರಿಸಿ 6,000. ಇದಕ್ಕಿಂತ ಹೆಚ್ಚು ಇಟ್ಟರೆ ಹಣ ಸುಮ್ಮನೆ ಬಿದ್ದಿರುತ್ತದೆ, ಕಳ್ಳತನದ ಭಯವೂ ಜೊತೆಗೆ. ಕಡಿಮೆ ಇಟ್ಟರೆ ಗುಮಾಸ್ತರು ನಾಲ್ಕು ದಿನಕ್ಕೊಮ್ಮೆ ಮಾಲೀಕರ ಮುಂದೆ ನಿಲ್ಲಬೇಕಾಗುತ್ತದೆ. ಮೊದಲ ದಿನ ಬ್ಯಾಂಕಿನಿಂದ 6,000 ತೆಗೆದು, ಚಿಲ್ಲರೆ ನಗದು ಖಾತೆಗೆ ಬರೆದು, ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಗುಮಾಸ್ತರಿಗೆ ಒಪ್ಪಿಸುತ್ತಾರೆ. ಕೀಲಿ ಒಬ್ಬರ ಬಳಿ ಮಾತ್ರ ಇರಬೇಕು. ಇಬ್ಬರ ಕೈ ಆಡುವ ಪೆಟ್ಟಿಗೆಯಲ್ಲಿ ಹಣ ಕಡಿಮೆಯಾದರೆ ಯಾರನ್ನು ಕೇಳುವುದು?

ಇನ್ನು ಮುಂದೆ ಪೆಟ್ಟಿಗೆಯಿಂದ ಹೊರಬೀಳುವ ಪ್ರತಿ ರೂಪಾಯಿಯ ಜಾಗಕ್ಕೆ ಒಂದು ವೋಚರ್ ಬಂದು ಕೂರುತ್ತದೆ. ಅದರಲ್ಲಿ ಕ್ರಮಸಂಖ್ಯೆ, ತಾರೀಖು, ಯಾತಕ್ಕೆ ಖರ್ಚು, ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ, ಹಣ ಪಡೆದವರ ಸಹಿ ಇರುತ್ತವೆ. ಅಂಗಡಿಯ ಬಿಲ್ಲಿದ್ದರೆ ಅದನ್ನು ಹಿಂದೆ ಲಗತ್ತಿಸುತ್ತಾರೆ. ಹಮಾಲಿಗೂ ಆಟೋಗೂ ಬಿಲ್ ಸಿಗುವುದಿಲ್ಲವಾದ್ದರಿಂದ ಅಲ್ಲಿ ವೋಚರೇ ದಾಖಲೆ. ಆಟೋದ ವೋಚರಿನಲ್ಲಿ ಎಲ್ಲಿಂದ ಎಲ್ಲಿಗೆ, ಯಾವ ಗಿರಾಕಿಯ ಮಾಲು ಎಂಬುದನ್ನು ಬರೆದರೆ ಮುಂದೆ ಪ್ರಶ್ನೆ ಎದ್ದಾಗ ಉತ್ತರ ಅದರಲ್ಲೇ ಇರುತ್ತದೆ.

ವೋಚರುಗಳು ಸಂಜೆ ಚಿಲ್ಲರೆ ನಗದು ಪುಸ್ತಕಕ್ಕೆ ಏರುತ್ತವೆ. ಈ ಪುಸ್ತಕದಲ್ಲಿ ಒಟ್ಟು ಮೊತ್ತದ ಕಾಲಂ ಪಕ್ಕದಲ್ಲೇ ಹಮಾಲಿ, ಸಾಗಣೆ, ಚಹಾ-ತಿಂಡಿ, ಕೊರಿಯರ್ ಎಂದು ಒಂದೊಂದು ಬಾಬಿಗೂ ಒಂದೊಂದು ಕಾಲಂ. 120 ರೂಪಾಯಿ ಆಟೋ ಬಾಡಿಗೆಯನ್ನು ಒಟ್ಟಿನ ಕಾಲಂನಲ್ಲಿ ಒಮ್ಮೆ, ಸಾಗಣೆಯ ಕಾಲಂನಲ್ಲಿ ಒಮ್ಮೆ ಬರೆಯಬೇಕು. ಕೊನೆಗೆ ಬಾಬುಗಳ ಮೊತ್ತವನ್ನೆಲ್ಲ ಅಡ್ಡಕ್ಕೆ ಕೂಡಿದರೆ ಒಟ್ಟಿನ ಕಾಲಂಗೆ ತಾಳೆಯಾಗಬೇಕು.

ಹದಿನೈದು ದಿನ ಕಳೆಯಿತು. ನಮ್ಮ ಗುಮಾಸ್ತರ ಪುಸ್ತಕದಲ್ಲಿ ಹಮಾಲಿ 900, ಸಾಗಣೆ 1,350, ಚಹಾ-ತಿಂಡಿ 1,120, ಕೊರಿಯರ್ 640, ಬನಿಯನ್ ವೇಸ್ಟ್, ಗೋಂದು ಇತ್ಯಾದಿ 780, ಎಲೆಕ್ಟ್ರಿಷಿಯನ್‌ಗೆ 400. ಒಟ್ಟು 5,190. ಹಾಗಾದರೆ ಪೆಟ್ಟಿಗೆಯಲ್ಲಿ 810 ರೂಪಾಯಿ ಶಿಲ್ಕು ಇರಬೇಕು. ಎಣಿಸಿದರೆ ಇರುವುದು 720. ತೊಂಬತ್ತು ಕಡಿಮೆ.

ಹಳೆಯ ಲೆಕ್ಕಿಗರು ಇಂಥಲ್ಲಿ ಮೊದಲು ನೋಡುವುದು ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಎಂದು. ಭಾಗವಾದರೆ ಎಲ್ಲೋ ಎರಡು ಅಂಕಿಗಳು ಹಿಂದುಮುಂದಾಗಿರುವ ಸಾಧ್ಯತೆ ಹೆಚ್ಚು. ವೋಚರುಗಳನ್ನು ಒಂದೊಂದಾಗಿ ತಿರುವಿದಾಗ ಕೊರಿಯರ್ ರಸೀದಿಯೊಂದರಲ್ಲಿ 320 ಎಂದಿದೆ, ವೋಚರಿನಲ್ಲಿ 230 ಎಂದು ಬರೆಯಲಾಗಿದೆ. ತಿದ್ದಿದ ಮೇಲೆ ಕೊರಿಯರ್ 730, ಒಟ್ಟು ಖರ್ಚು 5,280, ಶಿಲ್ಕು 720. ಎರಡೂ ಸೇರಿ 6,000.

ಇಡೀ ಪದ್ಧತಿ ನಿಂತಿರುವುದು ಈ ಕೂಡಿಕೆಯ ಮೇಲೆ. ಕೈಯಲ್ಲಿರುವ ನಗದು, ಇನ್ನೂ ತುಂಬಿಕೊಡದ ವೋಚರು, ಇವೆರಡರ ಮೊತ್ತ ಯಾವ ದಿನ, ಯಾವ ಗಳಿಗೆಯಲ್ಲಿ ನೋಡಿದರೂ 6,000 ಆಗಲೇಬೇಕು. ಹಾಗಾಗಿ ಮಾಲೀಕರು ಹೇಳದೆ ಕೇಳದೆ ಬಂದು ಪೆಟ್ಟಿಗೆ ತೆರೆಸಿದರೂ ತಪಾಸಣೆಗೆ ಹತ್ತು ನಿಮಿಷ ಸಾಕು. ತಿಂಗಳ ಕೊನೆಗೆ ಕಾಯಬೇಕಾಗಿಲ್ಲ.

ಈಗ ತುಂಬಿಕೊಡುವ ಹೊತ್ತು. ಮಾಲೀಕರು ವೋಚರುಗಳನ್ನು ನೋಡಿ, ಪ್ರತಿಯೊಂದರ ಮೇಲೂ ‘ಪಾವತಿಯಾಗಿದೆ’ ಎಂಬ ಮೊಹರು ಹಾಕಿಸಿ, 5,280 ರೂಪಾಯಿಗೆ ಚೆಕ್ ಕೊಡುತ್ತಾರೆ. ಮುಖ್ಯ ಲೆಕ್ಕದಲ್ಲಿ ಆಯಾ ಖರ್ಚಿನ ಖಾತೆಗಳು ಖರ್ಚಾಗುತ್ತವೆ, ಬ್ಯಾಂಕ್ ಖಾತೆ ಕಡಿಮೆಯಾಗುತ್ತದೆ. ಹೀಗೆ ಬರೆಯುವಲ್ಲಿ ಚಿಲ್ಲರೆ ನಗದು ಖಾತೆಯನ್ನು ಮುಟ್ಟುವುದೇ ಇಲ್ಲ. ಅದು 6,000ದಲ್ಲೇ ನಿಂತಿರುತ್ತದೆ.

ಎಡವುವುದು ಹೆಚ್ಚಾಗಿ ಇಲ್ಲೇ. ಅವಸರದಲ್ಲಿ “ಐದು ಸಾವಿರ ಇಟ್ಕೋ, ಉಳಿದದ್ದು ಆಮೇಲೆ ನೋಡೋಣ” ಎಂದು ದುಂಡು ಮೊತ್ತ ಕೊಟ್ಟರೆ ಪೆಟ್ಟಿಗೆಯಲ್ಲಿ 5,720 ಆಗುತ್ತದೆ. ಮುಂದಿನ ಬಾರಿ ಇನ್ನೊಂದು ದುಂಡು ಮೊತ್ತ. ಎರಡು ಮೂರು ಸಲ ಹೀಗಾದರೆ ಪೆಟ್ಟಿಗೆಯಲ್ಲಿ ಎಷ್ಟಿರಬೇಕಿತ್ತು ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ, ಹೋಲಿಸಿ ನೋಡಲು ಅಳತೆಯೇ ಉಳಿಯುವುದಿಲ್ಲ.

ಇನ್ನೊಂದು ಕಾಟ ಕೈಗಡ. ಯಂತ್ರ ನಡೆಸುವವರು ಸಂಬಳದ ಮೇಲೆ 500 ಕೇಳುತ್ತಾರೆ, ಗುಮಾಸ್ತರು ಇಲ್ಲವೆನ್ನಲಾರರು. ಅದು ಖರ್ಚಲ್ಲ, ಸಿಬ್ಬಂದಿ ಮುಂಗಡ. ಅದಕ್ಕೆ ಬೇರೆ ಖಾತೆಯಿದೆ, ಆ ಹಣ ಈ ಪೆಟ್ಟಿಗೆಯಿಂದ ಹೋಗಬಾರದು. ಸಾಮಾನು ತರಲು ಹುಡುಗನಿಗೆ 500 ಕೊಟ್ಟು ಕಳಿಸುವುದು ಬೇರೆ ಮಾತು. ಸಹಿ ಮಾಡಿದ ತಾತ್ಕಾಲಿಕ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು, ಅಂದೇ ಬಿಲ್ಲನ್ನೂ ಉಳಿದ ಚಿಲ್ಲರೆಯನ್ನೂ ಪಡೆದು ಚೀಟಿ ಹರಿದುಹಾಕಬೇಕು. ವಾರಗಟ್ಟಲೆ ಉಳಿದ ತಾತ್ಕಾಲಿಕ ಚೀಟಿ ಕಂಡರೆ ಅದು ಬಹುಮಟ್ಟಿಗೆ ಕೈಗಡವೇ.

ಈಗ ಯುಪಿಐ ಬಂದು ಲೆಕ್ಕಕ್ಕೆ ಹೊಸ ತಿರುವು ಕೊಟ್ಟಿದೆ. ಗುಮಾಸ್ತರು ತಮ್ಮ ಫೋನಿನಿಂದಲೇ ಕೊರಿಯರಿನವರಿಗೆ ಹಣ ಕಳಿಸಿ, ಪೆಟ್ಟಿಗೆಯಿಂದ ಅಷ್ಟು ನಗದು ತೆಗೆದುಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ರಸೀದಿ ಮತ್ತು ಪಾವತಿಯ ಮುದ್ರಿತ ಪ್ರತಿಯನ್ನು ವೋಚರಿಗೆ ಲಗತ್ತಿಸಿ, ಹಣ ಪಡೆದವರೆಂದು ಗುಮಾಸ್ತರೇ ಸಹಿ ಮಾಡಬೇಕು. ಇಲ್ಲದಿದ್ದರೆ ಅದೇ ಖರ್ಚು ಎರಡು ಸಲ ಏರುವುದು ಸುಲಭ.

ಇಷ್ಟೆಲ್ಲ ಸರಿಯಿದ್ದರೂ ಈ ಪದ್ಧತಿ ಹಿಡಿಯಲಾರದ ಸಂಗತಿಯೊಂದಿದೆ. 6,000 ತಾಳೆಯಾಯಿತೆಂದರೆ ಹೋದ ಹಣಕ್ಕೆ ಕಾಗದವಿದೆ ಎಂದಷ್ಟೇ ಅರ್ಥ, ಆ ಕಾಗದ ನಿಜ ಎಂದಲ್ಲ. 50ರ ಹಿಂದೆ ಒಂದು ಅಂಕಿ ಸೇರಿ 150 ಆಗಬಹುದು. ಅಕ್ಷರದಲ್ಲಿ ಬರೆಯಿಸುವುದು ಅದಕ್ಕೇ. ಮೊಹರಿಲ್ಲದ ಹಳೆಯ ವೋಚರ್ ತಾರೀಖು ತಿದ್ದಿಕೊಂಡು ಮತ್ತೆ ಬರಬಹುದು. ಒಂದೇ ಅಂಗಡಿಯ ಬಿಲ್ಲುಗಳು ವಾರಗಳ ಅಂತರದಲ್ಲಿ ಬಂದಿದ್ದರೂ ಅವುಗಳ ಸಂಖ್ಯೆ ಒಂದರ ಹಿಂದೊಂದು ಇದ್ದರೆ, ಬೇರೆ ಗಿರಾಕಿಯೇ ಇಲ್ಲದ ಅಂಗಡಿ ಅದಾವುದು ಎಂದು ಕೇಳಲೇಬೇಕು.

ದೊಡ್ಡ ಖರ್ಚು ಈ ಪೆಟ್ಟಿಗೆಗೆ ಬರದಂತೆ ಒಂದು ವೋಚರಿಗೆ ಇಷ್ಟೇ, ಉದಾಹರಣೆಗೆ 500 ರೂಪಾಯಿ, ಎಂಬ ಮಿತಿ ಹಾಕುವವರೂ ಇದ್ದಾರೆ. ಮಿತಿ ಹಾಕಿದಲ್ಲಿ ಒಂದೇ ದಿನ ಒಂದೇ ಅಂಗಡಿಗೆ 480, 450 ಎಂದು ಎರಡು ವೋಚರ್ ಬಂದಿವೆಯೇ ಎಂಬುದನ್ನೂ ನೋಡಬೇಕು. ಒಂದು ಖರೀದಿಯನ್ನು ಒಡೆದದ್ದಿರಬಹುದು.

ಮಾರ್ಚ್ 31ರಂದು ಮಾತ್ರ ಹದಿನೈದು ದಿನದ ಲೆಕ್ಕ ನಡೆಯದು. ಅಂದು ಪೆಟ್ಟಿಗೆಯಲ್ಲಿ 2,100 ರೂಪಾಯಿಯ ವೋಚರುಗಳಿದ್ದು ತುಂಬಿಕೊಡದೆ ಬಿಟ್ಟರೆ, ಆ ಖರ್ಚು ಮುಂದಿನ ವರ್ಷದ ಲೆಕ್ಕಕ್ಕೆ ಜಾರುತ್ತದೆ. ಜೊತೆಗೆ, 3,900 ಇರುವ ಕಡೆ ಪುಸ್ತಕ 6,000 ತೋರಿಸುತ್ತದೆ. ಆದ್ದರಿಂದ ಅವಧಿ ಮುಗಿದಿರಲಿ ಬಿಡಲಿ, ಅಂದು ಸಂಜೆ ಪೆಟ್ಟಿಗೆ ಎಣಿಸಿ, ವೋಚರುಗಳನ್ನೆಲ್ಲ ಖಾತೆಗೆ ಏರಿಸಿ, ಶಿಲ್ಕಿನ ಹಾಳೆಯ ಮೇಲೆ ಗುಮಾಸ್ತರೂ ಮಾಲೀಕರೂ ಸಹಿ ಹಾಕುತ್ತಾರೆ.